ಶಬ್ದಕ್ಕೆ ತಿರುಗುವ ಮಗುವಿಗೂ ಕಿವಿ ಪರೀಕ್ಷೆ ಯಾಕೆ?

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು 22 ತಿಂಗಳು. ಚೆನ್ನಾಗಿ ಓಡುತ್ತಾನೆ, ನಗುತ್ತಾನೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. ಆದರೆ ಮಾತು ಮಾತ್ರ ಬಂದಿಲ್ಲ. ಅಮ್ಮ, ಬಾ, ಆಮೇಲೆ ಮನೆಯವರಿಗಷ್ಟೇ ಅರ್ಥವಾಗುವ ಐದಾರು ಪದಗಳು, ಅಷ್ಟೇ. ಈ ವಯಸ್ಸಿನ ಹೆಚ್ಚಿನ ಮಕ್ಕಳು ಹತ್ತಾರು ಪದ ಆಡುತ್ತಾರೆ. ಎರಡು ವರ್ಷ ಆಗುವಷ್ಟರಲ್ಲಿ "ಅಮ್ಮ ಬಾ" ಅನ್ನುವ ಹಾಗೆ ಎರಡು ಪದ ಸೇರಿಸಲು ಶುರು ಮಾಡುತ್ತಾರೆ.

ಮನೆಯಲ್ಲಿ ಇದಕ್ಕೆ ಕಾರಣಗಳು ರೆಡಿ ಇರುತ್ತವೆ. ಗಂಡುಮಕ್ಕಳಿಗೆ ಮಾತು ತಡ. ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ಮೊಬೈಲ್ ಜಾಸ್ತಿ ನೋಡುತ್ತಾನೆ. ಮನೆಯಲ್ಲಿ ಎರಡು ಭಾಷೆ, ಅದಕ್ಕೇ ಗೊಂದಲ. ಯಾರಾದರೂ ಮೆಲ್ಲಗೆ ಆಟಿಸಂ ಹೆಸರನ್ನೂ ಎತ್ತುತ್ತಾರೆ. "ಕಿವಿ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಅಯ್ಯೋ, ಕಿವಿ ಸರಿ ಇದೆ. ಕರೆದರೆ ತಿರುಗುತ್ತಾನೆ. ಪಕ್ಕದ ಕೋಣೆಯಲ್ಲಿ ಫೋನ್ ರಿಂಗಾದರೂ ಓಡಿಹೋಗುತ್ತಾನೆ."

ಅವರು ಹೇಳುವುದು ಸುಳ್ಳಲ್ಲ. ಹುಡುಗ ನಿಜವಾಗಿಯೂ ತಿರುಗುತ್ತಾನೆ, ನಿಜವಾಗಿಯೂ ಓಡುತ್ತಾನೆ. ಅಷ್ಟಾದರೂ ಅವನಿಗೆ ಮಾತು ಸರಿಯಾಗಿ ಕೇಳಿಸದೆ ಇರಬಹುದು. ಅದು ಹೇಗೆ ಸಾಧ್ಯ ಅನ್ನುವುದೇ ಈ ಲೇಖನದ ವಿಷಯ.

ಶಬ್ದಕ್ಕೆ ಎರಡು ಅಳತೆ

ಕಿವುಡು ಅಂದರೆ ರೇಡಿಯೋದ ವಾಲ್ಯೂಮ್ ತಗ್ಗಿಸಿದ ಹಾಗೆ ಎಂದು ನಾವು ಅಂದುಕೊಂಡಿರುತ್ತೇವೆ. ಎಲ್ಲ ಶಬ್ದವೂ ಒಂದೇ ಸಮ ಸಣ್ಣದಾಗುತ್ತದೆ, ಜೋರಾಗಿ ಹೇಳಿದರೆ ಎಲ್ಲವೂ ಕೇಳುತ್ತದೆ ಎಂದು. ಕೆಲವರಿಗೆ ಹಾಗೂ ಆಗುತ್ತದೆ. ಆದರೆ ಬಹಳ ಜನಕ್ಕೆ ಹಾಗಾಗುವುದಿಲ್ಲ.

ಶಬ್ದಕ್ಕೆ ಎರಡು ಅಳತೆಗಳಿವೆ. ಎಷ್ಟು ಜೋರು ಅನ್ನುವುದು ಒಂದು. ಅದರ ಲೆಕ್ಕ ಡೆಸಿಬೆಲ್‌ನಲ್ಲಿ. ದನಿ ಎಷ್ಟು ದಪ್ಪ ಅಥವಾ ಎಷ್ಟು ತೆಳು ಅನ್ನುವುದು ಇನ್ನೊಂದು. ಅದರ ಲೆಕ್ಕ ಹರ್ಟ್ಜ್‌ನಲ್ಲಿ. ಡೋಲಿನ ಸದ್ದು ದಪ್ಪ, ಅದರ ಹರ್ಟ್ಜ್ ಕಡಿಮೆ. ಹಕ್ಕಿಯ ಚಿಲಿಪಿಲಿ ತೆಳು, ಅದರ ಹರ್ಟ್ಜ್ ಜಾಸ್ತಿ. ಒಳಕಿವಿಯಲ್ಲಿ ಕಾಕ್ಲಿಯಾ ಅಂತ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಭಾಗವಿದೆ. ಅದರಲ್ಲಿ ದಪ್ಪ ದನಿಗೆ ಒಂದು ಜಾಗ, ತೆಳು ದನಿಗೆ ಇನ್ನೊಂದು ಜಾಗ, ಹಾರ್ಮೋನಿಯಂ ಮನೆಗಳ ಹಾಗೆ. ಒಂದು ತುದಿಯ ಮನೆಗಳು ಕೆಟ್ಟು ಇನ್ನೊಂದು ತುದಿಯವು ಚೆನ್ನಾಗಿ ನುಡಿಯುವ ಹಾರ್ಮೋನಿಯಂ ನೋಡಿರುತ್ತೀರಿ ಅಲ್ವಾ? ಕಿವಿಯೂ ಹಾಗೆ ಕೆಡಬಹುದು. ಹೆಚ್ಚಾಗಿ ಕೆಡುವುದು ತೆಳು ದನಿಯ ಕಡೆಯೇ.

ಹಾಲು, ಕಾಲು, ಸಾಲು

ಮಾತಿನ ವಿಷಯಕ್ಕೆ ಬಂದರೆ ಇದು ಯಾಕೆ ಮುಖ್ಯ? ಅ, ಆ, ಉ, ಓ ಮೊದಲಾದ ಸ್ವರಗಳ ಬಲ ಹೆಚ್ಚಾಗಿ ಇರುವುದು ದಪ್ಪ ದನಿಯ ಕಡೆ, ಸುಮಾರು 1000 ಹರ್ಟ್ಜ್‌ಗಿಂತ ಕೆಳಗೆ. ಅವು ಜೋರಾಗಿಯೂ ಇರುತ್ತವೆ. ಸ, ಶ, ಚ, ತ, ಕ ಇಂಥ ವ್ಯಂಜನಗಳ ಗುರುತು ಇರುವುದು ತೆಳು ದನಿಯ ಕಡೆ, 2000 ಹರ್ಟ್ಜ್‌ನಿಂದ ಮೇಲೆ. ಅವು ತುಂಬ ಸಣ್ಣ ಸದ್ದುಗಳು. ಒಮ್ಮೆ "ಆ" ಅಂದು ನೋಡಿ, ಆಮೇಲೆ ದನಿ ಸೇರಿಸದೆ ಬರೀ "ಸ್" ಅನ್ನಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ. "ಆ" ಮನೆಯಾಚೆಗೂ ಹೋಗುತ್ತದೆ. "ಸ್" ಪಕ್ಕದಲ್ಲಿರುವವರಿಗೆ ಕೇಳಿದರೆ ಹೆಚ್ಚು.

ತಮಾಷೆ ಅಂದರೆ, ಮಾತಿಗೆ ಸದ್ದು ಕೊಡುವುದು ಸ್ವರ, ಅರ್ಥ ಕೊಡುವುದು ಹೆಚ್ಚಾಗಿ ವ್ಯಂಜನ. ಹಾಲು, ಕಾಲು, ಸಾಲು, ಪಾಲು. ಈ ನಾಲ್ಕು ಪದಗಳ ಮೊದಲ ವ್ಯಂಜನ ತೆಗೆದುಬಿಡಿ. ನಾಲ್ಕೂ "ಆಲು" ಆಗುತ್ತವೆ. ತೆಳು ದನಿ ಕೇಳಿಸದ ಮಗುವಿಗೆ ದಿನವಿಡೀ ಕೇಳುವುದು ಹೆಚ್ಚುಕಡಿಮೆ ಇಂಥದ್ದೇ. ಗುಣಿತಾಕ್ಷರ ಬರೆದ ಹಲಗೆಯ ಮೇಲೆ ನೀರು ಬಿದ್ದು ಅಕ್ಷರ ಅಳಿಸಿಹೋಗಿ, ಬರೀ ಕೊಂಬು, ಗುಡಿಸು, ದೀರ್ಘಗಳು ಉಳಿದರೆ ಹೇಗೋ ಹಾಗೆ. ಅಲ್ಲಿ ಏನೋ ಬರೆದಿದೆ ಎಂದು ಗೊತ್ತಾಗುತ್ತದೆ. ಏನು ಬರೆದಿದೆ ಎಂದು ಗೊತ್ತಾಗುವುದಿಲ್ಲ.

ದೊಡ್ಡವರಿಗೆ ಹೀಗಾದರೆ ಅವರು ಹೇಗೋ ನಿಭಾಯಿಸುತ್ತಾರೆ. "ಊಟಕ್ಕೆ ಕೂತಾಗ ಹೇಳಿದರು, ಹಾಲೇ ಇರಬೇಕು" ಎಂದು ಗೊತ್ತಿರುವ ಪದವನ್ನು ತುಂಬಿಕೊಳ್ಳುತ್ತಾರೆ. ಮಗುವಿನ ಹತ್ತಿರ ತುಂಬಿಕೊಳ್ಳಲು ಪದಗಳೇ ಇಲ್ಲ. ಅದು ಪದ ಕಲಿಯಬೇಕಾಗಿರುವುದೇ ಈ ಅರೆಬರೆ ಸದ್ದಿನಿಂದ.

ಇನ್ನು ನಮ್ಮ ಹುಡುಗನ ಕಡೆ ನೋಡೋಣ. ಹೆಸರು ಕರೆದರೆ ಅದರಲ್ಲಿರುವ ಸ್ವರಗಳು ಅವನಿಗೆ ಕೇಳುತ್ತವೆ, ತಿರುಗುತ್ತಾನೆ. ಫೋನಿನ ರಿಂಗ್ ಜೋರಾಗಿರುತ್ತದೆ, ಅದರಲ್ಲಿ ದಪ್ಪ ದನಿಯೂ ಇರುತ್ತದೆ, ಓಡುತ್ತಾನೆ. ಬಾಗಿಲು ದಢಾರನೆ ಬಡಿದರೆ ಬೆಚ್ಚುತ್ತಾನೆ. ಮನೆಯವರು ಕಂಡದ್ದೆಲ್ಲ ನಿಜ. ಅದರಿಂದ ತೀರ್ಮಾನಿಸಿದ್ದು ಮಾತ್ರ ತಪ್ಪು.

ಚಪ್ಪಾಳೆ ಹೊಡೆದು ನೋಡಿದರೆ ಸಾಲದು

ಅನುಮಾನ ಬಂದ ಕೂಡಲೇ ಮನೆಯಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಮಗುವಿನ ಹಿಂದೆ ಹೋಗಿ ಚಪ್ಪಾಳೆ ಹೊಡೆಯುವುದು, ಇಲ್ಲವೇ ತಟ್ಟೆ ಬಡಿಯುವುದು. ಮಗು ತಿರುಗಿದರೆ ಎಲ್ಲರಿಗೂ ಸಮಾಧಾನ.

ಚಪ್ಪಾಳೆ ಮಾತಿಗಿಂತ ಎಷ್ಟೋ ಜೋರು. ಅದರಲ್ಲಿ ದಪ್ಪ ದನಿಯಿಂದ ತೆಳು ದನಿಯವರೆಗೆ ಎಲ್ಲವೂ ಒಟ್ಟಿಗೆ ಇರುತ್ತವೆ. ಹಾರ್ಮೋನಿಯಂನ ಎಲ್ಲ ಮನೆಗಳನ್ನೂ ಒಮ್ಮೆಗೇ ಒತ್ತಿದ ಹಾಗೆ. ಯಾವುದೋ ಒಂದು ಮನೆ ಸರಿಯಿದ್ದರೂ ಸದ್ದು ಬರುತ್ತದೆ. ಜೊತೆಗೆ ಮಕ್ಕಳು ಬಲು ಚುರುಕು. ನೆಲದ ಮೇಲೆ ಬಿದ್ದ ನೆರಳು, ಹೆಜ್ಜೆಗೆ ಅದುರುವ ನೆಲ, ಚಪ್ಪಾಳೆಯಿಂದ ಕತ್ತಿಗೆ ತಾಗುವ ಗಾಳಿ, ಎದುರು ಕೂತಿರುವ ಅಜ್ಜಿಯ ಕಣ್ಣು ಹೋದ ಕಡೆ, ಇವೆಲ್ಲ ಸಾಕು ಅವು ತಿರುಗಲು. ಏನೇನೂ ಕೇಳಿಸದ ಮಗು ಕೂಡ ಈ ಪರೀಕ್ಷೆಯಲ್ಲಿ ಪಾಸಾಗಬಹುದು.

ಇನ್ನೊಂದು ಮೋಸ ದೂರದ್ದು. ನಾವು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸಿ "ನೋಡಿ, ಎಷ್ಟು ಚೆನ್ನಾಗಿ ಕೇಳುತ್ತೆ" ಅನ್ನುತ್ತೇವೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮನೆಯೊಳಗೆ ಗೋಡೆಗಳ ಪ್ರತಿಧ್ವನಿಯಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೂ ಒಂದು ಮೀಟರ್‌ನಿಂದ ನಾಲ್ಕು ಮೀಟರ್‌ಗೆ ಹೋದರೆ ಹತ್ತು ಹನ್ನೆರಡು ಡೆಸಿಬೆಲ್ ಕಳೆದುಕೊಳ್ಳಬಹುದು. ಕಿವಿ ಚೆನ್ನಾಗಿರುವ ಮಗು ತನ್ನ ಪಾಡಿಗೆ ಆಡುತ್ತಲೇ ಅಡುಗೆಮನೆಯ ಮಾತು, ಅಣ್ಣ ತಂಗಿಯರ ಜಗಳ, ಬಾಗಿಲಲ್ಲಿ ನಿಂತವರ ಹರಟೆ ಎಲ್ಲವನ್ನೂ ಕದ್ದು ಕೇಳುತ್ತದೆ. ಪದಗಳಲ್ಲಿ ದೊಡ್ಡ ಪಾಲು ಕಲಿಯುವುದು ಹೀಗೆ, ಯಾರೂ ಕಲಿಸದೆ. ಸ್ವಲ್ಪ ಕಿವಿ ಮಂದವಾದ ಮಗುವಿಗೆ ತಪ್ಪಿಹೋಗುವುದು ಈ ಕದ್ದು ಕೇಳುವ ಮಾತು. ತೊಡೆಯ ಮೇಲಿನ ಮಾತಲ್ಲ.

ಮನೆಯಲ್ಲಿ ಗಮನಿಸಬಹುದಾದ ವಿಷಯಗಳೂ ಇವೆ. ಮುಖ ನೋಡಿದಾಗ ಹೇಳಿದ್ದು ಅರ್ಥವಾಗಿ, ಬೆನ್ನ ಹಿಂದಿನಿಂದ ಅದನ್ನೇ ಹೇಳಿದರೆ ಅರ್ಥವಾಗದೆ ಹೋಗುವುದು. ಮಾತಾಡುವವರ ಬಾಯನ್ನೇ ನೋಡುವುದು. ಬೆರಳು ತೋರಿಸದೆ ಹೇಳಿದ ಕೆಲಸ ಮಾಡದಿರುವುದು. ಆಡುವ ಐದಾರು ಪದಗಳಲ್ಲೂ ಬರೀ ಸ್ವರ ಮತ್ತು ಮ, ಬ ಇಂಥ ತುಟಿಯ ಅಕ್ಷರಗಳೇ ಇರುವುದು. ತುಟಿಯ ಅಕ್ಷರಗಳನ್ನು ಮಗು ಕಣ್ಣಿನಿಂದಲೂ ಕಲಿಯಬಹುದು. ಆದರೆ ಇವೆಲ್ಲ ಪರೀಕ್ಷೆಗೆ ಹೋಗಲು ಕಾರಣಗಳು. ಇವು ಕಾಣಲಿಲ್ಲ ಎಂದು ಪರೀಕ್ಷೆ ಬಿಡಲು ಕಾರಣ ಆಗುವುದಿಲ್ಲ. ಮಾತು ತಡವಾಗಿದೆ ಅನ್ನುವುದೇ ಸಾಕಷ್ಟು ಕಾರಣ.

"ಹುಟ್ಟಿದಾಗಲೇ ಟೆಸ್ಟ್ ಆಗಿದೆ, ಪಾಸಾಗಿತ್ತು"

ಬಹಳ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದೆರಡು ದಿನದಲ್ಲೇ ಮಗುವಿನ ಕಿವಿ ಪರೀಕ್ಷಿಸುತ್ತಾರೆ. ಅದು ಜರಡಿ ಹಿಡಿಯುವ ಕೆಲಸ. ಜರಡಿಯ ಕಣ್ಣಿಗಿಂತ ಸಣ್ಣದು ಕೆಳಗೆ ಹೋಗಿಬಿಡುತ್ತದೆ. ತುಂಬ ಕೇಳಿಸದ ಮಕ್ಕಳು ಸಿಕ್ಕಿಬೀಳುತ್ತಾರೆ. ಅಲ್ಪಸ್ವಲ್ಪ ಮಂದವಾಗಿರುವವರು, ಕೆಲವು ದನಿಗಳಷ್ಟೇ ಕೇಳಿಸದವರು ತಪ್ಪಿಸಿಕೊಳ್ಳಬಹುದು.

ಅದಕ್ಕಿಂತ ದೊಡ್ಡ ವಿಷಯ, ಪಾಸಾದದ್ದು ಆ ದಿನದ ಮಟ್ಟಿಗೆ. ಕಿವಿ ಆಮೇಲೂ ಕೆಡಬಹುದು. ಕೆಲವು ವಂಶಪಾರಂಪರ್ಯ ಕಿವುಡು ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಬಸಿರಿನಲ್ಲಿ ತಾಯಿಯಿಂದ ಮಗುವಿಗೆ ಸಿಎಂವಿ ಅನ್ನುವ ವೈರಸ್ ತಗುಲಿದ್ದರೆ, ಹುಟ್ಟಿದಾಗ ಸರಿಯಿದ್ದ ಕಿವಿ ಮುಂದಿನ ವರ್ಷಗಳಲ್ಲಿ ಮಂದವಾಗಬಹುದು. ಮೆದುಳುಪೊರೆಯ ಸೋಂಕು, ಅಂದರೆ ಮೆನಿಂಜೈಟಿಸ್ ಬಂದು ಹೋದ ಮೇಲೆ ಕಿವಿ ಹೋಗಬಹುದು. ಇಲ್ಲಿ ಮಾತ್ರ ಒಂದು ದಿನವೂ ತಡ ಮಾಡಬಾರದು. ಸೋಂಕಿನ ಬಳಿಕ ಕಾಕ್ಲಿಯಾದೊಳಗೆ ಮೂಳೆ ಬೆಳೆಯತೊಡಗಿದರೆ ಮುಂದೆ ಇಂಪ್ಲಾಂಟ್, ಅಂದರೆ ಕೇಳಿಸಲೆಂದು ಕಾಕ್ಲಿಯಾದೊಳಗೆ ಇಡುವ ಸಾಧನ, ಕೂರಿಸಲೂ ಕಷ್ಟ. ಜೆಂಟಾಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳೂ ಒಳಕಿವಿಗೆ ಹಾನಿ ಮಾಡಬಲ್ಲವು. ಹುಟ್ಟಿದ ಹೊಸದರಲ್ಲಿ ಹೆಚ್ಚು ದಿನ ಐಸಿಯುನಲ್ಲಿದ್ದ ಮಕ್ಕಳಿಗೆ ಮತ್ತೆ ಪರೀಕ್ಷೆ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಮಾತಾಡದ ಮಗುವಿಗೆ ಪರೀಕ್ಷೆ ಹೇಗೆ?

"ಕೇಳಿಸಿತಾ ಎಂದರೆ ಹೇಳಲು ಬರದ ಮಗುವನ್ನು ಹೇಗೆ ಪರೀಕ್ಷಿಸುತ್ತಾರೆ?" ಎಂದು ಹಲವರು ಕೇಳುತ್ತಾರೆ. ಅದಕ್ಕೇ ಮೂರು ವರ್ಷ ಆಗಲಿ ಎಂದು ಕಾಯುವವರೂ ಇದ್ದಾರೆ. ಕಾಯಬೇಕಾಗಿಲ್ಲ. ಇಂಥ ಪರೀಕ್ಷೆ ಯಾವ ವಯಸ್ಸಿನಲ್ಲೂ ಆಗುತ್ತದೆ. ಮಾಡುವವರು ಆಡಿಯಾಲಜಿಸ್ಟ್, ಅಂದರೆ ಕೇಳುವಿಕೆಯನ್ನು ಅಳೆಯುವ ತಜ್ಞರು. ಮೊದಲು ಇಎನ್‌ಟಿ ವೈದ್ಯರು ಕಿವಿಯೊಳಗೆ ನೋಡಿ ಗುಗ್ಗೆ ಕಟ್ಟಿದೆಯೇ, ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಆಮೇಲೆ ನಡೆಯುವುದನ್ನು ಕಿವಿಯ ದಾರಿಯಲ್ಲೇ ಒಳಗೆ ಹೋಗುತ್ತಾ ನೋಡಬಹುದು. ಮೊದಲು ಸಿಗುವುದು ಕಿವಿತಮಟೆ ಮತ್ತು ಅದರ ಹಿಂದಿನ ಗಾಳಿ ತುಂಬಿದ ಜಾಗ, ಮಧ್ಯಕಿವಿ. ಅದಕ್ಕೆ ಟಿಂಪನೋಮೆಟ್ರಿ. ಕಿವಿಗೆ ಮೆತ್ತನೆಯ ಬಿರಟೆ ಇಟ್ಟು, ಗಾಳಿಯ ಒತ್ತಡವನ್ನು ಸ್ವಲ್ಪ ಏರಿಸಿ ಇಳಿಸಿ, ತಮಟೆ ಸಲೀಸಾಗಿ ಅಲುಗಾಡುತ್ತದೆಯೇ ಎಂದು ನೋಡುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ. ಕಾಗದದ ಮೇಲೆ ಗುಡ್ಡದ ಹಾಗೆ ಗೆರೆ ಬಂದರೆ ತಮಟೆ ಅಲುಗಾಡುತ್ತಿದೆ. ಗೆರೆ ಚಪ್ಪಟೆಯಾದರೆ ತಮಟೆಯ ಹಿಂದೆ ದ್ರವ ನಿಂತಿರುವ ಸಾಧ್ಯತೆ ಹೆಚ್ಚು. ಮಗುವಿಗೆ ಎಷ್ಟು ಕೇಳುತ್ತದೆ ಎಂಬುದನ್ನು ಇದು ಹೇಳುವುದಿಲ್ಲ.

ಅದರ ಒಳಗೆ ಕಾಕ್ಲಿಯಾ. ಅದಕ್ಕೆ ಓಎಇ ಪರೀಕ್ಷೆ. 1978ರಲ್ಲಿ ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಚೆನ್ನಾಗಿರುವ ಒಳಕಿವಿ ಶಬ್ದವನ್ನು ಕೇಳುವುದಷ್ಟೇ ಅಲ್ಲ, ತಾನೂ ಬಲು ಸಣ್ಣ ಶಬ್ದವೊಂದನ್ನು ವಾಪಸ್ ಕಳಿಸುತ್ತದೆ. ಓಎಇ ಯಂತ್ರ ಆ ಮಾರ್ದನಿಯನ್ನು ಹಿಡಿಯುತ್ತದೆ. ಬಂದರೆ ಕಾಕ್ಲಿಯಾ ಬಹುಮಟ್ಟಿಗೆ ಕೆಲಸ ಮಾಡುತ್ತಿದೆ. ಬರದಿದ್ದರೆ ಎರಡು ಅರ್ಥ: ಕಾಕ್ಲಿಯಾದಲ್ಲೇ ತೊಂದರೆ, ಇಲ್ಲವೇ ಮಧ್ಯದಲ್ಲಿ ದ್ರವವೋ ಗುಗ್ಗೆಯೋ ಅಡ್ಡ ನಿಂತು ಮಾರ್ದನಿ ಹೊರಗೆ ಬರುತ್ತಿಲ್ಲ. ಅದಕ್ಕೇ ಟಿಂಪನೋಮೆಟ್ರಿ ಜೊತೆಗೆ ಇಟ್ಟುಕೊಂಡು ನೋಡಬೇಕು.

ಇನ್ನೂ ಒಳಗೆ ಹೋದರೆ ನರ. ಅದಕ್ಕೆ ಬೆರಾ ಪರೀಕ್ಷೆ. ಮಗು ನಿದ್ದೆಯಲ್ಲಿರುವಾಗ ಹಣೆಗೂ ಕಿವಿಯ ಹಿಂದೆಯೂ ಪುಟ್ಟ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ನರದಲ್ಲಿ ಹರಿಯುವ ವಿದ್ಯುತ್ ಸಂಕೇತವನ್ನು ಹಿಡಿಯುತ್ತಾರೆ. ನೋವಿಲ್ಲ. ಈ ವಯಸ್ಸಿನ ಮಕ್ಕಳು ಸುಮ್ನೆ ಮಲಗುವುದೇ ದೊಡ್ಡ ಸಾಹಸ, ಹಾಗಾಗಿ ಕೆಲವೊಮ್ಮೆ ನಿದ್ದೆ ಬರಿಸುವ ಔಷಧಿ ಕೊಡುತ್ತಾರೆ. ಇಲ್ಲಿ ಕೇಳಿ ತಿಳಿದುಕೊಳ್ಳಬೇಕಾದ ಒಂದು ವಿಷಯವಿದೆ. ಬರೀ "ಕ್ಲಿಕ್" ಸದ್ದು ಕೊಟ್ಟು ಮಾಡುವ ಬೆರಾ ಮುಖ್ಯವಾಗಿ ಹೇಳುವುದು 2000ದಿಂದ 4000 ಹರ್ಟ್ಜ್ ಸುತ್ತಮುತ್ತಲಿನ ಸ್ಥಿತಿಯನ್ನು. ದಪ್ಪ ದನಿಯಿಂದ ತೆಳು ದನಿಯವರೆಗೆ ಬೇರೆ ಬೇರೆಯಾಗಿ ತಿಳಿಯಬೇಕಾದರೆ ಒಂದೊಂದು ಫ್ರೀಕ್ವೆನ್ಸಿಗೂ, ಅಂದರೆ ಒಂದೊಂದು ಹರ್ಟ್ಜ್ ಮಟ್ಟಕ್ಕೂ, ಪ್ರತ್ಯೇಕ ಸದ್ದು ಕೊಟ್ಟು ಮಾಡಬೇಕು. "ಫ್ರೀಕ್ವೆನ್ಸಿ ಪ್ರಕಾರ ಮಾಡಿದ್ದೀರಾ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಓಎಇ ಚೆನ್ನಾಗಿ ಬಂದು ಬೆರಾ ಕೆಟ್ಟಿರುವುದೂ ಉಂಟು. ಕಾಕ್ಲಿಯಾದ ಮಾರ್ದನಿ ಸರಿಯಿದ್ದು, ಸಂಕೇತ ನರಕ್ಕೆ ದಾಟುವಾಗ ಚೆಲ್ಲಾಪಿಲ್ಲಿಯಾಗುತ್ತದೆ. ಇದಕ್ಕೆ ಆಡಿಟರಿ ನ್ಯೂರೋಪತಿ ಎಂದು ಹೆಸರು. ಓಎಇ ಒಂದನ್ನೇ ಮಾಡಿ "ಎಲ್ಲ ಸರಿ" ಎಂದು ಕಳಿಸಿದರೆ ಈ ಮಕ್ಕಳು ಸಿಗುವುದೇ ಇಲ್ಲ.

ಆಟದ ಹಾಗೆ ಕಾಣುವ ಪರೀಕ್ಷೆ

ಇವೆಲ್ಲ ಕಿವಿಯ ಭಾಗಗಳನ್ನು ನೋಡುವ ಪರೀಕ್ಷೆಗಳು. ಮಗು ನಿಜವಾಗಿ ಕೇಳಿಸಿಕೊಳ್ಳುವುದನ್ನು ಅಳೆಯುವುದು ಇನ್ನೊಂದು. ಸುಮಾರು 6 ತಿಂಗಳಿಂದ ಎರಡೂವರೆ ವರ್ಷದವರೆಗಿನ ಮಕ್ಕಳಿಗೆ ಹೇಳಿ ಮಾಡಿಸಿದ ಪರೀಕ್ಷೆ ಅದು. ಹೆಸರು ವಿಆರ್‌ಎ. ನನಗೆ ಇವುಗಳಲ್ಲೆಲ್ಲ ಬಹಳ ಜಾಣತನದ್ದು ಅನ್ನಿಸುವುದು ಇದೇ.

ಹೊರಗಿನ ಸದ್ದು ಬರದ ಕೋಣೆ. ಮಗು ಅಮ್ಮನ ತೊಡೆಯ ಮೇಲೆ. ಎದುರಿಗೆ ಒಬ್ಬರು ಕೂತು, ಅಷ್ಟೇನೂ ಮಜಾ ಇಲ್ಲದ ಒಂದು ಆಟದ ಸಾಮಾನು ತೋರಿಸುತ್ತಾ ಮಗುವಿನ ಗಮನ ಮುಂದೆ ಇರುವಂತೆ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಒಂದು ಕಪ್ಪು ಗಾಜಿನ ಪೆಟ್ಟಿಗೆ. ಮೊದಲು ಸಾಕಷ್ಟು ಜೋರಾಗಿ ಒಂದು ಸದ್ದು ಕೊಡುತ್ತಾರೆ, ಜೊತೆಗೇ ಪೆಟ್ಟಿಗೆಯೊಳಗೆ ದೀಪ ಹೊತ್ತಿ ಒಂದು ಬೊಂಬೆ ಕುಣಿಯುತ್ತದೆ. ಎರಡು ಮೂರು ಸಲ ಹೀಗಾದರೆ ಮಗು ಲೆಕ್ಕ ಹಾಕಿಬಿಡುತ್ತದೆ: ಸದ್ದು ಬಂದರೆ ಆ ಕಡೆ ಬೊಂಬೆ. ಇನ್ನು ಮುಂದೆ ಸದ್ದು ಮಾತ್ರ. ಮಗು ತಾನಾಗಿ ತಿರುಗಿದರೆ ಬಹುಮಾನವಾಗಿ ಬೊಂಬೆ. ಪ್ರತಿ ಸಲ ತಿರುಗಿದಾಗ ಸದ್ದನ್ನು 10 ಡೆಸಿಬೆಲ್ ಇಳಿಸುತ್ತಾರೆ. ತಿರುಗದಿದ್ದರೆ 5 ಏರಿಸುತ್ತಾರೆ. ಹೀಗೆ ಏರಿಸಿ ಇಳಿಸಿ, ಮಗುವಿಗೆ ಕೇಳುವ ಅತಿ ಸಣ್ಣ ಸದ್ದು ಯಾವುದು ಎಂದು ಹುಡುಕುತ್ತಾರೆ.

ನಡುನಡುವೆ ಸದ್ದೇ ಕೊಡದೆ ಸುಮ್ಮನಿದ್ದು ನೋಡುತ್ತಾರೆ. ಆಗಲೂ ಮಗು ತಿರುಗುತ್ತಿದ್ದರೆ ಅದು ಬೊಂಬೆಯ ಆಸೆಗೆ ತಿರುಗುತ್ತಿದೆ ಎಂದರ್ಥ, ಆವರೆಗಿನ ಲೆಕ್ಕವನ್ನು ನಂಬುವಂತಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡವರು ಅಲುಗಾಡಬಾರದು. ಸದ್ದು ಕೇಳಿದ ಕೂಡಲೇ ಅಮ್ಮನ ತೊಡೆ ಸ್ವಲ್ಪ ಬಿಗಿಯಾದರೂ ಮಗುವಿಗೆ ಸುಳಿವು ಸಿಗುತ್ತದೆ.

ಸ್ಪೀಕರ್‌ನಿಂದ ಸದ್ದು ಕೊಟ್ಟರೆ ಎರಡರಲ್ಲಿ ಚೆನ್ನಾಗಿರುವ ಕಿವಿಯ ಲೆಕ್ಕ ಮಾತ್ರ ಸಿಗುತ್ತದೆ. ಒಂದೊಂದು ಕಿವಿಯದ್ದು ಬೇರೆ ಬೇರೆ ತಿಳಿಯಲು ಕಿವಿಯೊಳಗೆ ಪುಟ್ಟ ಇಯರ್‌ಫೋನ್ ಇಡಬೇಕು. ಮಕ್ಕಳು ಸ್ವಲ್ಪ ಹೊತ್ತಿಗೇ ಬೇಜಾರಾಗಿ ಅಳಲು ಶುರು ಮಾಡುತ್ತಾರೆ. ಒಂದೇ ದಿನದಲ್ಲಿ ಮುಗಿಯದೆ ಇನ್ನೊಮ್ಮೆ ಬರಲು ಹೇಳಿದರೆ ಅದು ಸಾಮಾನ್ಯ. ಅರ್ಧಕ್ಕೆ ಬಿಟ್ಟು "ಪರವಾಗಿಲ್ಲ, ಕೇಳುತ್ತೆ ಬಿಡಿ" ಎನ್ನುವುದಕ್ಕಿಂತ ಅದು ಎಷ್ಟೋ ಮೇಲು.

ನಮ್ಮ ಹುಡುಗನ ಆಡಿಯೋಗ್ರಾಮ್

ಈಗ ಆ ಹುಡುಗನಿಗೆ ಪರೀಕ್ಷೆ ಆಯಿತು ಅಂದುಕೊಳ್ಳಿ. ಟಿಂಪನೋಮೆಟ್ರಿಯಲ್ಲಿ ಎರಡೂ ಕಿವಿಗೆ ಚಂದದ ಗುಡ್ಡ ಬಂತು. ಮಧ್ಯಕಿವಿ ಸರಿಯಿದೆ. ಓಎಇನಲ್ಲಿ ದಪ್ಪ ದನಿಗೆ ಮಾರ್ದನಿ ಇದೆ, 2000 ಹರ್ಟ್ಜ್‌ನಿಂದ ಮೇಲೆ ಇಲ್ಲ. ವಿಆರ್‌ಎಯಲ್ಲಿ ಸಿಕ್ಕ ಅಂಕಿಗಳು ಹೀಗಿವೆ: 500 ಹರ್ಟ್ಜ್‌ನಲ್ಲಿ 15 ಡೆಸಿಬೆಲ್, 1000ದಲ್ಲಿ 20, 2000ದಲ್ಲಿ 45, 4000ದಲ್ಲಿ 60.

ಈ ಅಂಕಿಗಳನ್ನು ಓದುವ ಬಗೆ ಸುಲಭ. ಅಂಕಿ ಸಣ್ಣದಾದಷ್ಟೂ ಕಿವಿ ಚುರುಕು, ಏಕೆಂದರೆ ಅಷ್ಟು ಸಣ್ಣ ಸದ್ದೂ ಕೇಳಿಸಿತು ಎಂದರ್ಥ. 20ರ ಒಳಗಿದ್ದರೆ ಚೆನ್ನಾಗಿದೆ. ಈ ಅಂಕಿಗಳನ್ನು ಗ್ರಾಫ್ ಮೇಲೆ ಗುರುತು ಮಾಡಿದರೆ ಅದೇ ಆಡಿಯೋಗ್ರಾಮ್. ನಮ್ಮ ಹುಡುಗನದ್ದು ಬಲಕ್ಕೆ ಹೋಗುತ್ತಾ ಜಾರುಬಂಡೆಯ ಹಾಗೆ ಕೆಳಗಿಳಿಯುತ್ತದೆ.

ಅದೇ ಗ್ರಾಫ್ ಮೇಲೆ ಮಾತಿನ ಸದ್ದುಗಳನ್ನೂ ಇಟ್ಟು ನೋಡೋಣ. ಹತ್ತಿರ ಕೂತು ಆಡುವ ಮಾತಿನಲ್ಲಿ ಸ್ವರಗಳು ಸುಮಾರು 40ರಿಂದ 50 ಡೆಸಿಬೆಲ್ ಮಟ್ಟದಲ್ಲಿರುತ್ತವೆ. ಹುಡುಗನಿಗೆ ಅಲ್ಲಿ 15, 20ಕ್ಕೇ ಕೇಳುತ್ತದೆ. ಅಂದರೆ ಸ್ವರಗಳು ಧಾರಾಳವಾಗಿ ಕೇಳುತ್ತವೆ, ಪಕ್ಕದ ಕೋಣೆಯಿಂದಲೂ. "ಸ" ಇರುವುದು 4000 ಹರ್ಟ್ಜ್ ಮತ್ತು ಅದರ ಮೇಲೆ, ಸುಮಾರು 20ರಿಂದ 30 ಡೆಸಿಬೆಲ್ ಮಟ್ಟದಲ್ಲಿ. ಹುಡುಗನಿಗೆ ಅಲ್ಲಿ ಕೇಳಿಸಲು ಕನಿಷ್ಠ 60 ಬೇಕು. ಅವನ ಪಾಲಿಗೆ "ಸ" ಎನ್ನುವ ಅಕ್ಷರ ಜಗತ್ತಿನಲ್ಲೇ ಇಲ್ಲ. ನಡುವಿನ "ಕ", "ಚ" ಅಂಚಿನಲ್ಲಿವೆ, ತೊಡೆಯ ಮೇಲೆ ಕೂತರೆ ಅಲ್ಪಸ್ವಲ್ಪ ಕೇಳೀತು, ಎದ್ದು ಹೋದರೆ ಇಲ್ಲ.

ಮನೆಯವರು ಹೇಳಿದ್ದೂ ಈ ಕಾಗದ ಹೇಳುವುದೂ ಈಗ ಒಂದಕ್ಕೊಂದು ಹೊಂದುತ್ತವೆ. ಹುಟ್ಟಿದಾಗ ಪಾಸಾಗಿದ್ದು ಹೇಗೆ? ಜರಡಿಯಿಂದ ತಪ್ಪಿಸಿಕೊಂಡಿರಬಹುದು, ಇಲ್ಲವೇ ತೊಂದರೆ ಆಮೇಲೆ ಬಂದಿರಬಹುದು. ಎರಡರಲ್ಲಿ ಯಾವುದು ಎಂದು ಈಗ ಹೇಳುವುದು ಕಷ್ಟ. ಅದಕ್ಕೇ ಕೆಲವು ತಿಂಗಳು ಬಿಟ್ಟು ಮತ್ತೆ ಮತ್ತೆ ಅಳೆಯುತ್ತಾರೆ, ಜಾರುಬಂಡೆ ಇನ್ನೂ ಕೆಳಗೆ ಹೋಗುತ್ತಿದೆಯೇ ಎಂದು ನೋಡಲು.

ನೋವಿಲ್ಲದೆ ಕೂರುವ ದ್ರವ

ಟಿಂಪನೋಮೆಟ್ರಿಯ ಗೆರೆ ಚಪ್ಪಟೆ ಬಂದಿದ್ದರೆ ಕತೆ ಬೇರೆ. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಗಾಳಿ ಒಯ್ಯುವ ಸಣ್ಣ ಕೊಳವೆ ಇದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಡ್ಡ. ನೆಗಡಿಯಾದಾಗ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ದ್ರವ ಸೇರುತ್ತದೆ. ಇದಕ್ಕೆ ಗ್ಲೂ ಇಯರ್ ಎನ್ನುತ್ತಾರೆ. ಕಿವಿ ಸೋರುವುದಿಲ್ಲ, ಸಾಮಾನ್ಯವಾಗಿ ಜ್ವರ ಇಲ್ಲ, ನೋವೂ ಇಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮಾತು ಕೇಳಿದ ಹಾಗೆ ಇರುತ್ತದೆ. ಒಂದು ವಾರ ಚೆನ್ನಾಗಿ, ಮರುವಾರ ಮಂದ. "ಬೇಕಾದಾಗ ಕೇಳುತ್ತೆ, ಬೇಡದಾಗ ಇಲ್ಲ, ಬರೀ ಹಟ" ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಇವರೂ ಇರುತ್ತಾರೆ.

ಹೆಚ್ಚಿನವರಲ್ಲಿ ಇದು ಸುಮಾರು ಮೂರು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಹಾಗಾಗಿ ವೈದ್ಯರು ದಿನ ಕೊಟ್ಟು ಮತ್ತೆ ಕರೆಯುತ್ತಾರೆ. ಆಂಟಿಬಯೋಟಿಕ್‌ನಿಂದಾಗಲಿ ಅಲರ್ಜಿ ಮಾತ್ರೆಯಿಂದಾಗಲಿ ಇದಕ್ಕೆ ಉಪಯೋಗ ಇಲ್ಲ ಎಂಬುದು ಈಗ ಒಪ್ಪಿತ ವಿಷಯ. ಎರಡೂ ಕಿವಿಯಲ್ಲಿ ದ್ರವ ಹಾಗೇ ಉಳಿದು, ಕೇಳುವುದು ಕಡಿಮೆಯಾಗಿದ್ದು, ಮಾತೂ ಹಿಂದೆ ಬಿದ್ದಿದ್ದರೆ ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ನಳಿಕೆ ಇಡುವ ಮಾತು ಬರುತ್ತದೆ.

ಇಲ್ಲಿ ಆಗುವ ಎಡವಟ್ಟು ಏನೆಂದರೆ, ದ್ರವ ಕಂಡ ಕೂಡಲೇ ಉತ್ತರ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸುವುದು. ದ್ರವದ ಹಿಂದೆ ಒಳಕಿವಿಯಲ್ಲೂ ತೊಂದರೆ ಇರಬಹುದು, ಒಂದು ಪರದೆಯ ಹಿಂದೆ ಇನ್ನೊಂದು ಪರದೆಯಂತೆ. ಸದ್ದನ್ನು ಕಿವಿಯ ಹಿಂದಿನ ಮೂಳೆಯ ಮೂಲಕ ನೇರ ಒಳಕಿವಿಗೆ ಕಳಿಸಿ ಅಳೆಯುವ ವಿಧಾನ ಇದೆ. ಅದನ್ನು ಮಾಡಿದರೆ ಎಷ್ಟು ಪಾಲು ದ್ರವದ್ದು, ಎಷ್ಟು ಪಾಲು ಒಳಕಿವಿಯದ್ದು ಎಂದು ಬಿಡಿಸಿ ಹೇಳಬಹುದು. ಇಲ್ಲದಿದ್ದರೆ ದ್ರವ ಹೋದ ಮೇಲೆ ಮತ್ತೆ ಪೂರ್ತಿ ಪರೀಕ್ಷೆ ಆಗಲೇಬೇಕು.

ಆಟಿಸಂ ಅನುಮಾನ ಇದ್ದರೂ ಮೊದಲು ಕಿವಿ

ಹೆಸರು ಕರೆದರೆ ತಿರುಗದಿರುವುದು ಎರಡರಲ್ಲೂ ಕಾಣುತ್ತದೆ. ಸಾಮಾನ್ಯವಾಗಿ, ಬರೀ ಕಿವಿ ಮಂದವಿರುವ ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ, ಕೈಸನ್ನೆ ಮಾಡುತ್ತದೆ, ತನಗೆ ಚಂದ ಕಂಡದ್ದನ್ನು ನಿಮಗೂ ತೋರಿಸಲು ಬೆರಳು ಚಾಚುತ್ತದೆ. ಆಟಿಸಂ ಇರುವ ಮಗುವಿನಲ್ಲಿ ಈ ಹಂಚಿಕೊಳ್ಳುವಿಕೆ ಕಡಿಮೆ ಇರುತ್ತದೆ. ಆದರೆ ಇದನ್ನು ನೋಡಿ ಮನೆಯಲ್ಲೇ ತೀರ್ಮಾನ ಮಾಡಲಾಗದು. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಆಟಿಸಂ ಪರಿಶೀಲನೆಯಲ್ಲಿ ಕಿವಿ ಪರೀಕ್ಷೆಯ ಕಾಗದ ಕೇಳುವುದು ಅದಕ್ಕೇ. ಮಾತಿನ ಸೂಚನೆ ಕೊಟ್ಟು ಮಗು ಮಾಡುತ್ತದೋ ಇಲ್ಲವೋ ಎಂದು ನೋಡುವಾಗ, ಸೂಚನೆ ಕೇಳಿಸಿತೋ ಇಲ್ಲವೋ ಎಂದೇ ಗೊತ್ತಿಲ್ಲದಿದ್ದರೆ ಆ ಅಂಕಗಳಿಗೆ ಅರ್ಥವಿಲ್ಲ.

ಉಳಿದ ಮನೆಮಾತಿನ ಕಾರಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡು ಭಾಷೆ ಕೇಳುವುದರಿಂದ ಮಾತು ನಿಲ್ಲುವುದಿಲ್ಲ. ನಾಲಿಗೆಯ ಕೆಳಗಿನ ತಂತು ಬಿಗಿಯಾಗಿದ್ದರೆ ಕೆಲವು ಅಕ್ಷರ ತೊದಲಬಹುದು, ಪದಗಳೇ ಬಾರದೆ ಹೋಗುವುದಿಲ್ಲ. ಗಂಡುಮಕ್ಕಳು ಸ್ವಲ್ಪ ನಿಧಾನ ಅನ್ನುವುದು ಸರಾಸರಿಯ ಮಾತು. ಮುಂದೆ ಕೂತಿರುವ ಈ ಒಬ್ಬ ಹುಡುಗನ ಕಿವಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕಾಗದ ಕೈಗೆ ಬಂದ ಮೇಲೆ

ಎರಡೂ ಕಿವಿಗೆ, ಎಲ್ಲ ಫ್ರೀಕ್ವೆನ್ಸಿಯಲ್ಲೂ ಅಂಕಿಗಳು ಚೆನ್ನಾಗಿ ಬಂದರೆ ಕಿವಿಯ ಪ್ರಶ್ನೆ ಮುಗಿಯಿತು. ಮಕ್ಕಳ ವೈದ್ಯರು ಮತ್ತು ಸ್ಪೀಚ್ ಥೆರಪಿಸ್ಟ್ ಬೇರೆ ಕಾರಣ ಹುಡುಕಬಹುದು. "ನಾರ್ಮಲ್" ಎಂಬ ಒಂದು ಪದ ಸಾಲದು. ಯಾವ ಯಾವ ಪರೀಕ್ಷೆ ಆಯಿತು, ಯಾವ ಕಿವಿಗೆ ಎಷ್ಟು ಬಂತು ಎಂದು ಬರೆಸಿಕೊಂಡು ಇಟ್ಟುಕೊಳ್ಳಿ.

ನಮ್ಮ ಹುಡುಗನಿಗೆ ಬೇಕಾದ್ದು ಎರಡೂ ಕಿವಿಗೆ ಹಿಯರಿಂಗ್ ಏಡ್. ಅದಕ್ಕೆ ವಯಸ್ಸಾಗಬೇಕು ಎಂದೇನಿಲ್ಲ, ಕೆಲವೇ ತಿಂಗಳ ಹಸುಗೂಸಿಗೂ ಹಾಕುತ್ತಾರೆ. ಮೆದುಳು ಮಾತಿನ ಸದ್ದುಗಳನ್ನು ಅತಿ ಸುಲಭವಾಗಿ ಹಿಡಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಈ ಏಡ್ ಎಲ್ಲವನ್ನೂ ಜೋರು ಮಾಡುವುದಿಲ್ಲ. ಅವನ ಆಡಿಯೋಗ್ರಾಮ್ ನೋಡಿ, 500 ಹರ್ಟ್ಜ್ ಹತ್ತಿರ ಏನೂ ಸೇರಿಸದೆ, 2000ದಿಂದ ಮೇಲೆ ಮಾತ್ರ ಬಲ ಕೊಡುವಂತೆ ಹೊಂದಿಸುತ್ತಾರೆ. ಕಿವಿಯೊಳಗೆ ಕೂರುವ ಅಚ್ಚನ್ನು ಕಿವಿ ಬೆಳೆದ ಹಾಗೆಲ್ಲ ಬದಲಿಸಬೇಕು. ಸಡಿಲವಾದರೆ ಏಡ್ ಕುಯ್ಯೋ ಎಂದು ಸೀಟಿ ಹಾಕುತ್ತದೆ, ಅದೇ ಗುರುತು. "ಸ" ಹಿಡಿಯುವುದು ಏಡ್‌ಗೂ ಕಷ್ಟದ ಕೆಲಸ, ಅದರಲ್ಲೂ ಹೆಂಗಸರ ಮತ್ತು ಮಕ್ಕಳ "ಸ" ಗಂಡಸರದ್ದಕ್ಕಿಂತ ಇನ್ನೂ ತೆಳು. ಹಾಗಾಗಿ ಹಾಕಿಸಿದ ಮೇಲೂ ಅಮ್ಮನ "ಸ" ಕೇಳುತ್ತಿದೆಯೇ ಎಂದು ಅಳೆದು ನೋಡಬೇಕು.

ಏಡ್ ಹಾಕಿದ ಮರುದಿನ ಮಾತು ಬರುವುದಿಲ್ಲ. 22 ತಿಂಗಳ ಹುಡುಗನಾದರೂ ವ್ಯಂಜನ ಕೇಳುವ ವಿಷಯದಲ್ಲಿ ಅವನು ಅಂದು ಹುಟ್ಟಿದ ಹಾಗೆ. ಮೊದಲು ಕೇಳುತ್ತಾನೆ, ಆಮೇಲೆ ಬೇರೆ ಬೇರೆ ಎಂದು ಗುರುತಿಸುತ್ತಾನೆ, ಆಡುವುದು ಅದರ ನಂತರ. ಸ್ಪೀಚ್ ಥೆರಪಿಯಲ್ಲಿ ಅವನ ಮುಂದೆ ಎರಡು ಚಿತ್ರ ಇಟ್ಟು, ಬಾಯಿಗೆ ಅಡ್ಡ ಕಾಗದ ಹಿಡಿದು, ಒಂದರ ಹೆಸರು ಹೇಳುತ್ತಾರೆ. ಕಾಲು ಎಂದಾಗ ಹಾಲಿನ ಲೋಟದ ಚಿತ್ರ ಬಿಟ್ಟು ಕಾಲಿನ ಚಿತ್ರಕ್ಕೆ, ಮತ್ತೆ ಮತ್ತೆ ಕೇಳಿದರೂ ತಪ್ಪದೆ ಬೆರಳು ಹೋದರೆ, ಅವನ ಬಾಯಿಂದ ಆ ಪದ ಇನ್ನೂ ಬಾರದಿದ್ದರೂ ಏಡ್ ಕೆಲಸ ಮಾಡುತ್ತಿದೆ ಎಂದು ಅವರಿಗೆ ತಿಳಿಯುತ್ತದೆ.